ಒಂದೇ ಆರ್ಡರಿಗೆ ಎರಡು ಸಲ ದುಡ್ಡು ಕಟ್ ಆದರೆ: ಹೆಚ್ಚಿಗೆ ಹೋದ ಹಣ ಎಲ್ಲಿ ನಿಂತಿದೆ, ಯಾರನ್ನು ಕೇಳಬೇಕು

ಶಿವಮೊಗ್ಗದ ಗೋಪಾಳದಲ್ಲಿ ನನ್ನದೊಂದು ಚಿಕ್ಕ ಆನ್‌ಲೈನ್ ಸೇವೆಯ ಅಂಗಡಿ ಇದೆ. ಅರ್ಜಿ ತುಂಬೋದು, ಪ್ರಿಂಟ್, ಜೆರಾಕ್ಸ್, ರೀಚಾರ್ಜ್. ಮಳೆಗಾಲ ಹಿಡಿದರೆ ಇವುಗಳ ಜೊತೆ ಇನ್ನೊಂದು ಕೆಲಸ ಸೇರಿಕೊಳ್ಳುತ್ತದೆ. ಊಟದ ಆ್ಯಪಿನಲ್ಲಿ ಆರ್ಡರ್ ಮಾಡುವಾಗ ಸಿಗ್ನಲ್ ಹೋಗಿ, ಮತ್ತೊಮ್ಮೆ ಒತ್ತಿ, ಎರಡು ಸಲ ದುಡ್ಡು ಕಟ್ ಆಯ್ತು ಅಂತ ಬರುವವರು. 2025ರ ಜುಲೈ 18, ಶುಕ್ರವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಛತ್ರಿ ಮಡಚಿಕೊಂಡು ನಿಂತಿದ್ದಳು. ತೀರ್ಥಹಳ್ಳಿ ಕಡೆಯವಳು, ಇಲ್ಲಿ ವಿನೋಬನಗರದಲ್ಲಿ ಪಿಜಿಯಲ್ಲಿದ್ದಾಳೆ.

"ಅಣ್ಣಾ, ನಿನ್ನೆ ರಾತ್ರಿ 386 ರೂಪಾಯಿ ಎರಡು ಸಲ ಹೋಯ್ತು. ಊಟ ಬಂದಿದ್ದು ಒಂದೇ. ಆ್ಯಪಿನವರು ನಮಗೆ ಒಂದೇ ಪೇಮೆಂಟ್ ಬಂದಿರೋದು ಅಂತಾರೆ. ಬ್ಯಾಂಕಿಗೆ ಫೋನ್ ಮಾಡಿದ್ರೆ ನಮ್ಮ ಕಡೆಯಿಂದ ಸರಿಯಾಗಿ ಹೋಗಿದೆ ಅಂತಾರೆ."

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಅವರವರ ಪರದೆಯ ಮೇಲೆ ಕಂಡಿದ್ದನ್ನೇ ಹೇಳಿದ್ದರು. ಇಂಥ ದೂರುಗಳು ವಾರಗಟ್ಟಲೆ ಅಲೆಯುವುದು ಈ ಕಾರಣಕ್ಕೆ. ಹೆಚ್ಚಿಗೆ ಹೋದ ಹಣ ದಾರಿಯಲ್ಲಿ ಎಲ್ಲಿ ನಿಂತಿದೆ ಅಂತ ಮೊದಲು ನೋಡಿಕೊಂಡರೆ ಯಾರ ಬಾಗಿಲು ತಟ್ಟಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ. ಆ ಹುಡುಗಿಯ ಪ್ರಕರಣವನ್ನೇ ಇಟ್ಟುಕೊಂಡು ಹೇಳುತ್ತೇನೆ.

ನಿಜಕ್ಕೂ ಎರಡು ಸಲ ಹೋಗಿದೆಯಾ?

ಮೆಸೇಜ್ ಎರಡು ಬಂತು ಅಂದಮಾತ್ರಕ್ಕೆ ದುಡ್ಡು ಎರಡು ಸಲ ಹೋಗಿದೆ ಅಂತಲ್ಲ. ನೆಟ್‌ವರ್ಕ್ ಹದಗೆಟ್ಟ ರಾತ್ರಿ ಬ್ಯಾಂಕಿನ ಒಂದೇ ಮೆಸೇಜ್ ಎರಡು ಸಲ ಬರುವುದುಂಟು. ಆದ್ದರಿಂದ ಮೆಸೇಜ್ ಬಿಟ್ಟು ಬ್ಯಾಂಕಿನ ಆ್ಯಪಿನಲ್ಲಿ ಸ್ಟೇಟ್‌ಮೆಂಟ್ ತೆಗೆಯಿರಿ. ಪ್ರತಿ ಯುಪಿಐ ವ್ಯವಹಾರಕ್ಕೂ 12 ಅಂಕಿಯ ಒಂದು ನಂಬರ್ ಇರುತ್ತದೆ. ಕೆಲವು ಕಡೆ ಅದನ್ನು `UTR` ಅಂತ, ಕೆಲವು ಕಡೆ `RRN` ಅಂತ, ಇನ್ನು ಕೆಲವು ಕಡೆ ಬರೀ `Ref No` ಅಂತ ಬರೆದಿರುತ್ತಾರೆ. ಎರಡು ಕಡಿತಕ್ಕೂ ಒಂದೇ ನಂಬರ್ ಇದ್ದರೆ ಹೋಗಿರೋದು ಒಂದೇ ಸಲ. ನಂಬರ್ ಬೇರೆ ಬೇರೆ ಇದ್ದರೆ ಎರಡು ಸಲ.

ಈ ನಂಬರಿನಲ್ಲಿ ಇನ್ನೊಂದು ಉಪಯೋಗದ ಸಂಗತಿ ಇದೆ. ಸಾಮಾನ್ಯವಾಗಿ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ. ಆಮೇಲಿನ ಮೂರು ಅಂಕಿ ಆ ವರ್ಷದ ಎಷ್ಟನೇ ದಿನ ಅನ್ನೋದು. ಜುಲೈ 17 ವರ್ಷದ 198ನೇ ದಿನ, ಹಾಗಾಗಿ ಆ ಹುಡುಗಿಯ ಎರಡೂ ನಂಬರುಗಳು 5198 ಅಂತ ಶುರುವಾಗಿದ್ದವು. ಒಂದು 5197 ಅಂತ ಇದ್ದಿದ್ದರೆ ಅದು ಹಿಂದಿನ ದಿನದ್ದು, ಮೆಸೇಜ್ ತಡವಾಗಿ ಬಂದಿದೆ ಅಂತ ಅಲ್ಲೇ ಗೊತ್ತಾಗುತ್ತಿತ್ತು.

ಆಮೇಲೆ ಊಟದ ಆ್ಯಪಿನಲ್ಲಿ ಹಳೆಯ ಆರ್ಡರುಗಳ ಪಟ್ಟಿ ನೋಡಿ. ಅಲ್ಲಿ ಎರಡು ಆರ್ಡರ್ ಕಂಡರೆ ಇದು ಬೇರೆಯೇ ತೊಂದರೆ. ನೀವು ಎರಡು ಸಲ ಆರ್ಡರ್ ಮಾಡಿದ್ದೀರಿ, ಒಂದನ್ನು ಬೇಗ ರದ್ದು ಮಾಡಬೇಕು. ಹೋಟೆಲಿನವರು ಅಡುಗೆ ಶುರು ಮಾಡಿಬಿಟ್ಟಿದ್ದರೆ ಪೂರ್ತಿ ಹಣ ವಾಪಸ್ ಬರುವುದು ಕಷ್ಟ. ಮೊತ್ತಗಳನ್ನೂ ಹೋಲಿಸಿ ನೋಡಿ. ಒಂದು 386, ಇನ್ನೊಂದು ಬೇರೇನೋ ಇದ್ದರೆ ಆ ಎರಡನೆಯದು ಆ್ಯಪಿನ ಸದಸ್ಯತ್ವದ ಹಣ ಇರಬಹುದು, ಡೆಲಿವರಿ ಹುಡುಗನಿಗೆ ಕೊಟ್ಟ ಟಿಪ್ ಇರಬಹುದು.

ಈ ಹುಡುಗಿಯದು ಒಂದೇ ಆರ್ಡರ್. ಎರಡೂ ಕಡಿತ 386ರದ್ದೇ, ನಂಬರ್ ಮಾತ್ರ ಬೇರೆ. ದೂರು ನಿಜವಾದದ್ದು.

ಆ ಮೂರು ನಿಮಿಷದಲ್ಲಿ ಆಗಿದ್ದೇನು

8:11ಕ್ಕೆ ಅವಳು ಪಿನ್ ಒತ್ತಿದ್ದಾಳೆ. ಅದೇ ಹೊತ್ತಿಗೆ ಕರೆಂಟ್ ಹೋಗಿ ಪಿಜಿಯ ವೈಫೈ ನಿಂತಿದೆ. ಫೋನಿನ ಡೇಟಾ ಎದ್ದು ಬರಲು ಒಂದೆರಡು ನಿಮಿಷ ಹಿಡಿದಿದೆ. ಊಟದ ಆ್ಯಪು ತನಗೆ ಉತ್ತರ ಬರಲಿಲ್ಲ ಅಂತ ಪೇಮೆಂಟ್ ವಿಫಲ ಅಂದುಬಿಟ್ಟಿದೆ. ಗಾಬರಿಯಾಗಿ 8:14ಕ್ಕೆ ಮತ್ತೆ ಒತ್ತಿದ್ದಾಳೆ. ಅದು ಸರಿಹೋಗಿ ಆರ್ಡರ್ ಖಾತ್ರಿಯಾಗಿದೆ.

ಹಣ ಹೋಗುವ ದಾರಿ ಹೀಗೆ. ನಿಮ್ಮ ಬ್ಯಾಂಕಿನಿಂದ ಹೊರಡುತ್ತದೆ, ಯುಪಿಐ ನಡೆಸುವ ಎನ್‌ಪಿಸಿಐ ಮೂಲಕ ವ್ಯಾಪಾರಿಯ ಬ್ಯಾಂಕಿಗೆ ಹೋಗುತ್ತದೆ. ಆ ಬ್ಯಾಂಕಿಗೂ ಊಟದ ಆ್ಯಪಿಗೂ ನಡುವೆ ಪೇಮೆಂಟ್ ಗೇಟ್‌ವೇ ಅನ್ನೋ ಮಧ್ಯವರ್ತಿ ಕಂಪನಿ ಕೂತಿರುತ್ತದೆ. ಹಣ ಬಂತು ಅನ್ನೋ ಸುದ್ದಿ ಇದರ ಮೂಲಕ ಆ್ಯಪಿಗೆ ಮುಟ್ಟಬೇಕು. ಹಣ ಮುಟ್ಟಿ ಸುದ್ದಿ ಮುಟ್ಟದೇ ಹೋಗಬಹುದು. ಸುದ್ದಿ ತಡವಾಗಿ ಮುಟ್ಟಿದಾಗ ಆರ್ಡರ್ ಆಗಲೇ ಎರಡನೇ ಪೇಮೆಂಟಿಗೆ ಅಂಟಿಕೊಂಡಿರುತ್ತದೆ. ಮೊದಲ 386 ರೂಪಾಯಿ ಯಾವ ಆರ್ಡರಿಗೂ ಸೇರದೆ ವ್ಯಾಪಾರಿಯ ಕಡೆ ಅನಾಥವಾಗಿ ಉಳಿಯುತ್ತದೆ.

ಅಂದರೆ ವಾಪಸ್ ಬರಬೇಕಾದದ್ದು ಬಹುತೇಕ ಎಲ್ಲ ಸಲವೂ ಮೊದಲನೆಯದು. ಜನ ಎರಡನೆಯದನ್ನು ಹೆಚ್ಚಿನದು ಅಂದುಕೊಂಡು ಅದರ ನಂಬರನ್ನೇ ದೂರಿನಲ್ಲಿ ಕೊಡುತ್ತಾರೆ. ಆ ನಂಬರಿಗೆ ಆರ್ಡರ್ ಇದೆ, ಊಟ ತಲುಪಿದೆ, ದೂರು ಅಲ್ಲಿಗೇ ಮುಗಿದುಹೋಗುತ್ತದೆ.

ದಾರಿ ಕವಲೊಡೆಯುವ ಜಾಗ

ಈಗ ಪೇಮೆಂಟ್ ಆ್ಯಪಿಗೆ ಹೋಗಿ, ಅಂದರೆ ನೀವು ಪಿನ್ ಹಾಕಿದ ಯುಪಿಐ ಆ್ಯಪಿಗೆ. ಹಿಸ್ಟರಿಯಲ್ಲಿ ಮೊದಲ ಪಾವತಿಯನ್ನು ತೆರೆದು ಅಲ್ಲಿರುವ ಸ್ಥಿತಿ ಓದಿ. `SUCCESS` ಅಂತ ಇದ್ದರೆ ಹಣ ವ್ಯಾಪಾರಿಯ ಕಡೆ ತಲುಪಿದೆ, ಊಟದ ಆ್ಯಪಿನವರೇ ರಿಫಂಡ್ ಮಾಡಬೇಕು. `FAILED` ಅಥವಾ `PENDING` ಅಂತಿದ್ದೂ ಬ್ಯಾಂಕ್ ಖಾತೆಯಿಂದ ಹಣ ಹೋಗಿದ್ದರೆ ಅದು ದಾರಿಯಲ್ಲಿ ಸಿಕ್ಕಿಕೊಂಡಿದೆ, ಬ್ಯಾಂಕಿನ ಕಡೆಯಿಂದ ತಿರುಗಿ ಬರಬೇಕು. ಊಟದ ಆ್ಯಪಿನ ಹಿಂದೆ ಬಿದ್ದು ಪ್ರಯೋಜನವಿಲ್ಲ, ಅವರ ಕೈಗೆ ಆ ಹಣ ಬಂದೇ ಇಲ್ಲ.

ಹಣ ಪಡೆದವರ ಹೆಸರನ್ನೂ ಅಲ್ಲೇ ನೋಡಿ. ಎರಡೂ ಪಾವತಿಯಲ್ಲಿ ಒಂದೇ ಹೆಸರು ಇರಬೇಕು. ಬೇರೆ ಹೆಸರಿದ್ದರೆ ಅದು ಈ ಊಟಕ್ಕೆ ಸಂಬಂಧಿಸಿದ್ದೇ ಅಲ್ಲದಿರಬಹುದು.

ಹುಡುಗಿಯ ಮೊದಲ ಪಾವತಿ `SUCCESS` ಅಂತಲೇ ಇತ್ತು. ಹಾಗಾಗಿ ಬ್ಯಾಂಕಿನವರನ್ನು ಬಿಟ್ಟು ಊಟದ ಆ್ಯಪಿನ ಕಡೆ ತಿರುಗಿದೆವು.

"ನಮಗೆ ಒಂದೇ ಪೇಮೆಂಟ್ ಬಂದಿದೆ" ಅಂದಾಗ

ಆ್ಯಪಿನ ಹೆಲ್ಪ್ ವಿಭಾಗದಲ್ಲಿ ಆರ್ಡರ್ ಆರಿಸಿ, ಪೇಮೆಂಟ್ ತೊಂದರೆ ಅನ್ನೋದನ್ನು ಒತ್ತಿ, ಸಿದ್ಧ ಉತ್ತರಗಳನ್ನೆಲ್ಲ ದಾಟಿಕೊಂಡು ಮನುಷ್ಯರು ಮಾತಾಡುವ ಚಾಟ್‌ವರೆಗೆ ಹೋಗಬೇಕು. ಅಲ್ಲಿ ಕೂತವರು ಆರ್ಡರ್ ನಂಬರ್ ಹಾಕಿ ನೋಡುತ್ತಾರೆ. ಆರ್ಡರಿಗೆ ಅಂಟಿಕೊಂಡಿರುವುದು ಒಂದೇ ಪಾವತಿ, ಅವರಿಗೆ ಕಾಣುವುದೂ ಅದೊಂದೇ. ಅನಾಥವಾದ ಪಾವತಿ ಆರ್ಡರ್ ನಂಬರಿನಿಂದ ಹುಡುಕಿದರೆ ಸಿಗುವುದಿಲ್ಲ. ಅದನ್ನು ಅವರ ಪೇಮೆಂಟ್ ವಿಭಾಗದವರು ಗೇಟ್‌ವೇಯ ಲೆಕ್ಕದಲ್ಲಿ ಯುಟಿಆರ್ ನಂಬರ್ ಹಾಕಿ ಹುಡುಕಬೇಕು. ಅದನ್ನೇ ಬಾಯಿಬಿಟ್ಟು ಕೇಳಬೇಕು. ನಾವು ಬರೆದ ಒಕ್ಕಣೆ ಇಷ್ಟು:

"ಜುಲೈ 17ರ ರಾತ್ರಿ 8:14ಕ್ಕೆ ಕಟ್ಟಿದ 386 ರೂಪಾಯಿಗೆ ಆರ್ಡರ್ ಬಂದಿದೆ, ಅದರ ಬಗ್ಗೆ ದೂರಿಲ್ಲ. ಅದಕ್ಕೂ ಮುಂಚೆ 8:11ಕ್ಕೆ ಇನ್ನೊಂದು 386 ರೂಪಾಯಿ ನಿಮ್ಮ ಹೆಸರಿಗೆ ಬಂದಿದೆ, ಯುಪಿಐನಲ್ಲಿ ಯಶಸ್ವಿ ಅಂತ ಇದೆ. ಅದರ ಯುಟಿಆರ್ ಇದು. ಇದು ಯಾವ ಆರ್ಡರಿಗೂ ಸೇರಿಲ್ಲ. ದಯವಿಟ್ಟು ಆರ್ಡರ್ ನಂಬರಿನಿಂದ ಹುಡುಕದೆ, ಈ ಯುಟಿಆರ್‌ನಿಂದ ಪೇಮೆಂಟ್ ವಿಭಾಗದಲ್ಲಿ ಹುಡುಕಿಸಿ, ಕಟ್ಟಿದ ಖಾತೆಗೇ ವಾಪಸ್ ಹಾಕಿ. ದೂರಿನ ನಂಬರ್ ಕೊಡಿ."

ಜೊತೆಗೆ ಮೊದಲ ಪಾವತಿಯ ಸ್ಕ್ರೀನ್‌ಶಾಟ್ ಹಾಕಿದೆವು. ಅದರಲ್ಲಿ ಸಮಯ, ಮೊತ್ತ, ಯುಟಿಆರ್, ಪಡೆದವರ ಹೆಸರು, ಈ ನಾಲ್ಕೂ ಒಂದೇ ಚಿತ್ರದಲ್ಲಿ ಕಾಣುತ್ತಿತ್ತು. ಖಾತೆಯ ಬ್ಯಾಲೆನ್ಸ್ ಕಾಣುವ ಸ್ಟೇಟ್‌ಮೆಂಟ್ ಪುಟ ಕಳಿಸುವ ಅಗತ್ಯವಿಲ್ಲ. ಪಿನ್ ಅಥವಾ ಓಟಿಪಿಯನ್ನಂತೂ ಯಾರಿಗೂ ಹೇಳಬಾರದು. ಆ ಕಡೆಯವರು "ಹಣವನ್ನು ನಿಮ್ಮ ಆ್ಯಪ್ ವ್ಯಾಲೆಟ್ಟಿಗೆ ಹಾಕಲಾ, ತಕ್ಷಣ ಬರುತ್ತೆ" ಅಂದರು. ಬೇಡ ಅಂತ ಹೇಳಿಸಿದೆ. ವ್ಯಾಲೆಟ್ಟಿಗೆ ಬಂದ ಹಣ ಅಲ್ಲೇ ಖರ್ಚಾಗಬೇಕು, ತಿಂಗಳ ಖರ್ಚಿಗೆ ಅಪ್ಪ ಕಳಿಸಿದ ದುಡ್ಡನ್ನು ಲೆಕ್ಕ ಹಾಕಿ ಖರ್ಚು ಮಾಡುವ ಹುಡುಗಿಗೆ ಅದರಿಂದ ಏನು ಪ್ರಯೋಜನ?

ಶನಿವಾರ ಸಂಜೆ ರಿಫಂಡ್ ಶುರುವಾಗಿದೆ ಅಂತ ಮೆಸೇಜ್ ಬಂತು.

ಬಂದ ಹಣ ಕಾಣಲಿಲ್ಲ

ಮಂಗಳವಾರ ಸಂಜೆ ಅವಳು ಮತ್ತೆ ಬಂದಳು. "ಅಣ್ಣಾ, ಇನ್ನೂ ಬಂದಿಲ್ಲ." ಫೋನ್ ತೆಗೆದುಕೊಂಡು ನೋಡಿದೆ. ಅವಳ ಯುಪಿಐಗೆ ಎರಡು ಬ್ಯಾಂಕ್ ಖಾತೆ ಜೋಡಿಸಿತ್ತು. ಒಂದು ಊರಲ್ಲಿ ಮಾಡಿಸಿದ್ದು, ಇನ್ನೊಂದು ವಿದ್ಯಾರ್ಥಿವೇತನಕ್ಕೆ ಅಂತ ಶಿವಮೊಗ್ಗದಲ್ಲಿ ಮಾಡಿಸಿದ್ದು. ಮೊದಲ ಪಾವತಿ ವಿಫಲ ಅಂದಾಗ ಬ್ಯಾಂಕಿನದೇ ತೊಂದರೆ ಇರಬೇಕು ಅಂತ ಎರಡನೇ ಸಲ ಇನ್ನೊಂದು ಖಾತೆ ಆರಿಸಿಕೊಂಡಿದ್ದಾಳೆ. ಆಮೇಲೆ ಅದನ್ನು ಮರೆತು ಶಿವಮೊಗ್ಗದ ಖಾತೆಯನ್ನೇ ದಿನಾ ತೆರೆದು ನೋಡುತ್ತಿದ್ದಳು. ಊರಿನ ಖಾತೆ ತೆರೆದರೆ ಅದೇ ದಿನ ಮಧ್ಯಾಹ್ನ 386 ರೂಪಾಯಿ ಜಮಾ ಆಗಿತ್ತು. ಅವಳ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ರಿಫಂಡ್ ಯಾವ ಖಾತೆಯಿಂದ ಹೋಗಿತ್ತೋ ಅದೇ ಖಾತೆಗೆ ಬರುತ್ತದೆ. ಸ್ಟೇಟ್‌ಮೆಂಟಿನಲ್ಲಿ ಅದು ಹೊಸ ವ್ಯವಹಾರವಾಗಿ, ಹೊಸ ನಂಬರಿನೊಂದಿಗೆ ಕಾಣುತ್ತದೆ. ಹಳೇ ಯುಟಿಆರ್ ಹಾಕಿ ಹುಡುಕಿದರೆ ಸಿಗುವುದಿಲ್ಲ. ರಿಫಂಡ್ ಆಗಿದೆ ಅಂತ ಅವರು ಹೇಳಿಯೂ ಯಾವ ಖಾತೆಯಲ್ಲೂ ಕಾಣದಿದ್ದರೆ "ರಿಫಂಡಿನ ರೆಫರೆನ್ಸ್ ನಂಬರ್ ಕೊಡಿ" ಅಂತ ಕೇಳಿ. ಆ ನಂಬರ್ ಹಿಡಿದುಕೊಂಡು ಬ್ಯಾಂಕಿಗೆ ಹೋದರೆ ಅವರು ಹುಡುಕಿಕೊಡಬಲ್ಲರು.

ಸ್ಥಿತಿ `FAILED` ಅಥವಾ `PENDING` ಇದ್ದರೆ

ಈ ಕವಲು ಮೊದಲಿನದಕ್ಕಿಂತ ಸುಲಭ. ಇದರಲ್ಲಿ ಹಣ ತಾನಾಗಿಯೇ ತಿರುಗಿ ಬರಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ, ಯುಪಿಐನಲ್ಲಿ ವ್ಯಾಪಾರಿಗೆ ಕಟ್ಟಿದ ಹಣ ಖಾತೆಯಿಂದ ಹೋಗಿ, ವ್ಯಾಪಾರಿಗೆ ಅದರ ಖಾತ್ರಿ ಮುಟ್ಟದಿದ್ದರೆ, ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಅದನ್ನು ವಾಪಸ್ ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, ಅದನ್ನೂ ಗ್ರಾಹಕರು ಕೇಳುವವರೆಗೆ ಕಾಯದೆ ಕೊಡಬೇಕು. ಲೆಕ್ಕ ಕ್ಯಾಲೆಂಡರ್ ದಿನದ್ದು, ಭಾನುವಾರವೂ ಸೇರುತ್ತದೆ. ಜುಲೈ 17ರ ವ್ಯವಹಾರವಾದರೆ 22ರೊಳಗೆ ಬರಬೇಕು. 25ಕ್ಕೆ ಬಂದರೆ ಮೂರು ದಿನ ತಡ, ಅಸಲಿನ ಜೊತೆ 300 ರೂಪಾಯಿ ಬರಬೇಕು.

5 ದಿನ ಕಳೆದರೂ ಬಾರದಿದ್ದರೆ ಪೇಮೆಂಟ್ ಆ್ಯಪಿನಲ್ಲಿ ಆ ವ್ಯವಹಾರವನ್ನೇ ತೆರೆದು ದೂರು ದಾಖಲಿಸಿ. ಬರೀ ಫೋನ್ ಮಾಡುವುದಕ್ಕಿಂತ ಇದು ಒಳ್ಳೆಯದು. ಹೀಗೆ ಕೊಟ್ಟ ದೂರು ಆ ಯುಟಿಆರ್‌ಗೇ ಅಂಟಿಕೊಂಡು ಎನ್‌ಪಿಸಿಐನ ವ್ಯವಸ್ಥೆಯ ಮೂಲಕ ಬ್ಯಾಂಕುಗಳಿಗೆ ಹೋಗುತ್ತದೆ, ಕೈಯಲ್ಲಿ ದೂರಿನ ನಂಬರೂ ಉಳಿಯುತ್ತದೆ. ಬ್ಯಾಂಕಿಗೂ ಲಿಖಿತವಾಗಿ ಕೊಡಿ, ನಮ್ಮ ಕಡೆ ಶಾಖೆಯಲ್ಲಿ ಕನ್ನಡದಲ್ಲೇ ಬರೆದು ಕೊಡಬಹುದು.

ಮೊದಲ ಪಾವತಿ `SUCCESS` ಅಂತ ಇದ್ದಾಗ ಈ 100 ರೂಪಾಯಿ ಕೇಳುವುದು ಕಷ್ಟ. ಹಣ ವ್ಯಾಪಾರಿಗೆ ಮುಟ್ಟಿದೆ ಅಂತ ಬ್ಯಾಂಕು ತನ್ನ ದಾಖಲೆ ತೋರಿಸುತ್ತದೆ. ಅಲ್ಲಿ ಅಸಲು ಬಂದರೆ ಸಾಕು ಅಂತ ಹೊರಡುವುದೇ ಸರಿ.

ಯಾರೂ ಕೇಳಿಸಿಕೊಳ್ಳದಿದ್ದರೆ

ಹಣ ಊಟದ ಆ್ಯಪಿನ ಕಡೆ ಇದ್ದು, ಚಾಟಿನವರು ಕೈಚೆಲ್ಲಿದರೆ, ಆ್ಯಪಿನಲ್ಲೇ ಕುಂದುಕೊರತೆ ಅಧಿಕಾರಿಯ ಇಮೇಲ್ ಹುಡುಕಿ. 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಂಥ ಅಧಿಕಾರಿಯ ವಿವರ ಹಾಕಲೇಬೇಕು. ಅವರು 48 ಗಂಟೆಯೊಳಗೆ ದೂರು ಸಿಕ್ಕಿದೆ ಅಂತ ಉತ್ತರಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮಾತಾಡುವಾಗ ಎರಡು ಯುಟಿಆರ್, ಆರ್ಡರ್ ನಂಬರ್, ಹಿಂದಿನ ದೂರಿನ ನಂಬರ್ ಒಂದು ಚೀಟಿಯಲ್ಲಿ ಬರೆದು ಮುಂದಿಟ್ಟುಕೊಳ್ಳಿ.

ಹಣ ಬ್ಯಾಂಕಿನ ಕಡೆ ಸಿಕ್ಕಿಕೊಂಡಿದ್ದರೆ ದಾರಿ ಬೇರೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಾಯಬೇಕು. ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ `cms.rbi.org.in` ತಾಣದಲ್ಲಿ ದೂರು ಹಾಕಬಹುದು. ಅದಕ್ಕೆ ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. ಬ್ಯಾಂಕಿಗೆ ಮೊದಲು ಕೊಟ್ಟ ದೂರಿನ ದಾಖಲೆ ಇಲ್ಲದಿದ್ದರೆ ಅಲ್ಲಿ ತೆಗೆದುಕೊಳ್ಳುವುದಿಲ್ಲ. ಶಾಖೆಯಲ್ಲಿ ಅರ್ಜಿ ಕೊಡುವಾಗ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ ಅಂತ ನಾನು ಎಲ್ಲರಿಗೂ ಒತ್ತಿ ಹೇಳುವುದು ಇದಕ್ಕೇ.

ಹುಡುಕಿದ ನಂಬರಿಗೆ ಫೋನ್ ಮಾಡಬೇಡಿ

386 ರೂಪಾಯಿ ಹುಡುಕಲು ಹೋಗಿ ಸಾವಿರಗಟ್ಟಲೆ ಕಳೆದುಕೊಂಡವರು ನನ್ನ ಅಂಗಡಿಗೂ ಬಂದಿದ್ದಾರೆ. ಆ್ಯಪಿನೊಳಗೆ ಫೋನ್ ನಂಬರ್ ಸಿಗಲಿಲ್ಲ ಅಂತ ಅಂತರ್ಜಾಲದಲ್ಲಿ ಕಸ್ಟಮರ್ ಕೇರ್ ಅಂತ ಹುಡುಕುತ್ತಾರೆ. ಮೇಲೆ ಬಂದ ನಂಬರ್ ಮೋಸಗಾರರದ್ದಾಗಿರುತ್ತದೆ. ಅವರು ಬಹಳ ವಿನಯದಿಂದ ಮಾತಾಡಿ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುತ್ತಾರೆ, ಇಲ್ಲವೇ ಕ್ಯೂಆರ್ ಕಳಿಸಿ "ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ರಿಫಂಡ್ ಬರುತ್ತೆ" ಅನ್ನುತ್ತಾರೆ. ಹಣ ಬರುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ. ಪಿನ್ ಕೇಳಿದರು ಅಂದರೆ ಹಣ ಹೊರಗೆ ಹೋಗುತ್ತಿದೆ ಅಂತಲೇ ಅರ್ಥ. ಹಾಗೆ ಕಳೆದುಕೊಂಡಿದ್ದರೆ ಒಂದು ನಿಮಿಷವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕಾರ್ಡ್ ಮತ್ತು ನಗದು

ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ಎರಡರಲ್ಲಿ ಒಂದು ಬರೀ ತಡೆಹಿಡಿದ ಮೊತ್ತ ಇರಬಹುದು. ಕಾರ್ಡಿನ ಆ್ಯಪಿನಲ್ಲಿ ಅದು ಇನ್ನೂ ಪಕ್ಕಾ ಆಗದ ವ್ಯವಹಾರ ಅಂತ ಬೇರೆಯಾಗಿ ಕಾಣುತ್ತದೆ, ಕೆಲವು ದಿನದಲ್ಲಿ ತಾನೇ ಬಿಟ್ಟುಹೋಗುತ್ತದೆ. ಎರಡೂ ಪಕ್ಕಾ ಆಗಿ ಬಿಲ್ಲಿಗೆ ಬಂದಾಗ ಮಾತ್ರ ದೂರು. ಮೊದಲು ಆ್ಯಪಿನವರಿಗೆ ಬರೆಯಿರಿ, ಅವರು ಒಪ್ಪದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಒಟ್ಟೊಟ್ಟಿಗೆ ಎರಡೂ ಕಡೆ ಶುರು ಮಾಡಿದರೆ ಒಬ್ಬರು ಇನ್ನೊಬ್ಬರ ತೀರ್ಮಾನಕ್ಕೆ ಕಾಯುತ್ತಾ ಕೂರುತ್ತಾರೆ.

ಆನ್‌ಲೈನ್ ವಿಫಲ ಅಂತ ನಂಬಿ, ನಗದು ಆರಿಸಿಕೊಂಡು ಬಾಗಿಲಲ್ಲಿ ಡೆಲಿವರಿ ಹುಡುಗನಿಗೆ ದುಡ್ಡು ಕೊಟ್ಟು, ಆಮೇಲೆ ಖಾತೆಯಿಂದಲೂ ಹೋಗಿರುವುದು ಕಂಡರೆ, ಹುಡುಗನನ್ನು ತಡೆದು ಕೇಳಬೇಡಿ. ಅವನು ಆ ದುಡ್ಡನ್ನು ಕಂಪನಿಗೆ ಲೆಕ್ಕ ಒಪ್ಪಿಸಬೇಕು. ಇಲ್ಲೂ ಅನಾಥವಾದದ್ದು ಆ ಮೊದಲ ಆನ್‌ಲೈನ್ ಪಾವತಿಯೇ, ಮೇಲೆ ಹೇಳಿದ ದಾರಿಯಲ್ಲೇ ಅದನ್ನು ಕೇಳಬೇಕು.

ಮತ್ತೊಮ್ಮೆ ಒತ್ತುವ ಮುಂಚೆ

ಊಟದ ಆ್ಯಪ್ ವಿಫಲ ಅಂದಾಗ ಅದನ್ನು ಅಲ್ಲೇ ಬಿಟ್ಟು ಪೇಮೆಂಟ್ ಆ್ಯಪಿನ ಹಿಸ್ಟರಿ ತೆರೆಯಿರಿ. `FAILED` ಅಂತ ಕಂಡು, ಬ್ಯಾಲೆನ್ಸೂ ಕಡಿಮೆಯಾಗಿರದಿದ್ದರೆ ಧೈರ್ಯವಾಗಿ ಮತ್ತೆ ಕಟ್ಟಿ. `PENDING` ಅಂತಿದ್ದರೆ ಸ್ಥಿತಿ ಬದಲಾಗುವವರೆಗೆ ಕಾಯಿರಿ. ಹಸಿವು ತಡೆಯಲಾಗದಿದ್ದರೆ ಎರಡನೇ ಸಲ ನಗದಿಗೆ ಆರ್ಡರ್ ಹಾಕಿ, ಮೊದಲನೆಯದರ ಸ್ಕ್ರೀನ್‌ಶಾಟ್ ಆಗಲೇ ತೆಗೆದಿಟ್ಟುಕೊಳ್ಳಿ. ಆ ಹುಡುಗಿ ಈಗ ಮಳೆ ಜೋರಾದ ರಾತ್ರಿ ವೈಫೈ ಆಫ್ ಮಾಡಿ, ಫೋನಿನ ಡೇಟಾದಲ್ಲೇ ಪಿನ್ ಒತ್ತುತ್ತಾಳಂತೆ. ಕರೆಂಟ್ ಹೋದರೂ ಪಾವತಿ ನಡುವೆ ನಿಲ್ಲುವುದಿಲ್ಲ.